ಕಳೆದ ನಾಲ್ಕು ಅಂಕ ಮತ್ತು ರೋಗಿಯ ಆಮ್ಲಜನಕ

ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳು ವಾರ್ಡ್ ಪೋಸ್ಟಿಂಗಿನಲ್ಲಿ ತಮಗೆ ವಹಿಸಿದ ರೋಗಿಯ ಮೇಲೆ ಒಂದು 'ಕೇರ್ ಪ್ಲಾನ್' ಬರೆದು ಒಪ್ಪಿಸಬೇಕು. ರೋಗಿಯನ್ನು ಪರೀಕ್ಷಿಸಿ ಕಂಡದ್ದು, ಅದರಿಂದ ಗುರುತಿಸಿದ ತೊಂದರೆ, ಆರೈಕೆಯ ಗುರಿ, ಮಾಡಿದ ಕೆಲಸ ಮತ್ತು ಅದರ ಕಾರಣ, ಕೊನೆಗೆ ಸಿಕ್ಕ ಫಲ, ಇಷ್ಟೂ ಅದರಲ್ಲಿರಬೇಕು. ಟ್ಯೂಟರ್ ಹಾಕುವ ಅಂಕ ಆಂತರಿಕ ಮೌಲ್ಯಮಾಪನಕ್ಕೆ ಸೇರುತ್ತದೆ. ಆ ಅಂಕ ತಪ್ಪಾಗಿದೆ ಎನಿಸಿದಾಗ ಮರುಪರಿಶೀಲನೆ ಕೇಳಿ ಬರೆಯುವ ಪತ್ರಗಳು ಬಹುಪಾಲು ಸೋಲುವುದು, ಅವು ಅಂಕದ ಬಗ್ಗೆ ಮಾತಾಡುತ್ತವೆಯೇ ಹೊರತು ರೋಗಿಯ ಬಗ್ಗೆ ಅಲ್ಲ ಎಂಬ ಕಾರಣಕ್ಕೆ.

ಒಂದು ಉದಾಹರಣೆ ನೋಡೋಣ. ರೋಗಿಗೆ ಅರವತ್ತು ದಾಟಿದೆ. ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಹಾಳಾಗಿದೆ. ವೈದ್ಯರು ಸಿಒಪಿಡಿ ಎನ್ನುವ ಕಾಯಿಲೆ. ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 2 ಲೀಟರ್ ಆಮ್ಲಜನಕ ಹೋಗುತ್ತಿದೆ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 90 ತೋರಿಸುತ್ತಿದೆ. ವಿದ್ಯಾರ್ಥಿನಿ ಗುರಿಯ ಅಂಕಣದಲ್ಲಿ 'ಆಮ್ಲಜನಕದ ಮಟ್ಟ 88ರಿಂದ 92ರ ನಡುವೆ ಇರಬೇಕು' ಎಂದು ಬರೆದಳು. ಟ್ಯೂಟರ್ ಅದರ ಕೆಳಗೆ ಕೆಂಪು ಗೆರೆ ಎಳೆದು, '95ಕ್ಕಿಂತ ಹೆಚ್ಚಿರಬೇಕು' ಎಂದು ಬರೆದು ನಾಲ್ಕು ಅಂಕ ಕಳೆದರು. ಫಲಿತಾಂಶದ ಅಂಕಣದಲ್ಲಿ ಅಳತೆಯನ್ನೇ ಬರೆಯದೆ 'ಗುರಿ ಸಾಧಿಸಿದೆ' ಎಂದಷ್ಟೇ ಹೇಳಿದ್ದಕ್ಕೆ ಇನ್ನೆರಡು ಅಂಕ ಹೋಯಿತು.

ಆರೋಗ್ಯವಂತರಿಗಾದರೆ ಟ್ಯೂಟರ್ ಮಾತು ಸರಿ. ಆದರೆ ಕೆಲವು ಸಿಒಪಿಡಿ ರೋಗಿಗಳ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಮೊದಲೇ ಕಟ್ಟಿಕೊಂಡಿರುತ್ತದೆ. ಅವರಿಗೆ ಅಳತೆ ಮೀರಿ ಆಮ್ಲಜನಕ ಕೊಟ್ಟರೆ ಅದು ಇನ್ನೂ ಏರುತ್ತದೆ. ತಲೆನೋವು, ಮಂಪರು ಬರುತ್ತದೆ, ಕೈ ಚಾಚಿದರೆ ಅಂಗೈ ಪಟಪಟನೆ ಬಡಿಯುತ್ತದೆ, ಕೊನೆಗೆ ಎಚ್ಚರವೇ ತಪ್ಪಬಹುದು. ಇದು ಬರೀ ಪುಸ್ತಕದ ಮಾತಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸಿನಲ್ಲಿ ಬಂದ 405 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಧಾರಾಳವಾಗಿ ಆಮ್ಲಜನಕ ಪಡೆದವರಲ್ಲಿ ನೂರಕ್ಕೆ 9 ಮಂದಿ ಸತ್ತರೆ, 88–92ರೊಳಗೆ ಅಳೆದು ಪಡೆದವರಲ್ಲಿ ಸತ್ತವರು 4 ಮಂದಿ. ಬ್ರಿಟಿಷ್ ಥೊರಾಸಿಕ್ ಸೊಸೈಟಿಯ ಮಾರ್ಗಸೂಚಿಯೂ ಇಂಥ ರೋಗಿಗಳಿಗೆ ಇದೇ ಮಿತಿ ಹೇಳುತ್ತದೆ.

ಹಾಗೆಂದು ಮಾರ್ಗಸೂಚಿಯ ಹೆಸರೊಂದೇ ಪತ್ರಕ್ಕೆ ಸಾಲದು. ರಕ್ತದ ಅನಿಲ ಪರೀಕ್ಷೆಯಲ್ಲಿ ಡೈಆಕ್ಸೈಡ್ ಸಾಮಾನ್ಯ ಮಟ್ಟದಲ್ಲಿದ್ದು, ಹಿಂದೆಯೂ ಹೀಗೆ ಕಟ್ಟಿಕೊಂಡ ಇತಿಹಾಸವಿಲ್ಲದಿದ್ದರೆ ಸಿಒಪಿಡಿ ರೋಗಿಗೂ ಗುರಿ 94–98ಕ್ಕೆ ಏರುತ್ತದೆ. ಆಗ ಟ್ಯೂಟರ್ ಹಾಕಿದ ಗೆರೆಯೇ ನಿಜಕ್ಕೆ ಹತ್ತಿರ. ಆದ್ದರಿಂದ ಈ ರೋಗಿಯ ವರದಿ ಏನು ಹೇಳುತ್ತದೆ ಎಂಬುದೇ ಮುಖ್ಯ. ಕಾಲೇಜುಗಳಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಪತ್ರದ ತಿರುಳು ಕನ್ನಡದಲ್ಲಿ ಹೀಗಿರಬಹುದು:

'ಮಾನ್ಯ ಮೇಡಂ, ಮೆಡಿಕಲ್ ವಾರ್ಡಿನ ನನ್ನ ಕೇರ್ ಪ್ಲಾನಿನಲ್ಲಿ ಗುರಿಯ ಅಂಕಣವನ್ನು ಇನ್ನೊಮ್ಮೆ ನೋಡಬೇಕೆಂದು ಕೋರುತ್ತೇನೆ. ರೋಗಿಯ ರಕ್ತದಲ್ಲಿ ಡೈಆಕ್ಸೈಡ್ 58 ಇತ್ತು (ಸಾಮಾನ್ಯ 35–45). 88–92ರಲ್ಲಿ ಇಡಬೇಕೆಂದು ವೈದ್ಯರು ಕೇಸ್ ಶೀಟಿನಲ್ಲಿ ಬರೆದಿದ್ದರು. ಇವೆರಡನ್ನೂ ಎರಡನೇ ಪುಟದಲ್ಲಿ, ಕಾರಣವನ್ನು ಮೂರನೇ ಪುಟದಲ್ಲಿ ದಾಖಲಿಸಿದ್ದೇನೆ. ಫಲಿತಾಂಶದ ಅಂಕಣದಲ್ಲಿ ಕಳೆದ ಎರಡು ಅಂಕ ಸರಿಯಾಗಿದೆ, ಅದನ್ನು ಪ್ರಶ್ನಿಸುತ್ತಿಲ್ಲ. ತಾವು ಹೇಳಿದ ಸಮಯಕ್ಕೆ ಬಂದು ಭೇಟಿಯಾಗುತ್ತೇನೆ.'

ಪತ್ರ ಇಷ್ಟೇ ಸಾಕು. ಗೆಳತಿಗೆ ಎಷ್ಟು ಬಂತು, ರಾತ್ರಿ ಎಷ್ಟು ಹೊತ್ತು ಕೂತು ಬರೆದೆ ಎಂಬುದಕ್ಕೆ ಇಲ್ಲಿ ಜಾಗವಿಲ್ಲ. ರೋಗಿಯ ಹೆಸರು, ಆಸ್ಪತ್ರೆ ನಂಬರ್ ಕೂಡ ಬರಕೂಡದು. ಸರಿಯಾಗಿ ಕಳೆದ ಎರಡು ಅಂಕವನ್ನು ಒಪ್ಪಿಕೊಂಡಿರುವುದು ಬರೀ ವಿನಯವಲ್ಲ. ಎಲ್ಲವನ್ನೂ ಕೇಳುವ ಪತ್ರ ಯಾವುದನ್ನೂ ಸಾಬೀತುಪಡಿಸುವುದಿಲ್ಲ. ಒಂದನ್ನೇ ಕೇಳಿದರೆ ಟ್ಯೂಟರ್ ನೇರವಾಗಿ ಆ ಪುಟ ತೆರೆಯುತ್ತಾರೆ.

ಒಂದು ಕಟು ಸತ್ಯವೂ ಇದೆ. ಮೂರನೇ ಪುಟದಲ್ಲಿ ಕಾರಣ ಬರೆಯದೇ ಹೋಗಿದ್ದರೆ ಈ ಪತ್ರಕ್ಕೆ ಬಲವೇ ಇರುತ್ತಿರಲಿಲ್ಲ. ಟ್ಯೂಟರ್ ಅಂಕ ಕೊಡುವುದು ಹಾಳೆಯ ಮೇಲಿರುವುದಕ್ಕೆ, ವಿದ್ಯಾರ್ಥಿಯ ಮನಸ್ಸಿನಲ್ಲಿದ್ದುದಕ್ಕಲ್ಲ. ಅದು ನ್ಯಾಯವೇ, ಏಕೆಂದರೆ ರಾತ್ರಿ ಪಾಳಿಗೆ ಬರುವ ನರ್ಸ್ ಓದುವುದೂ ಹಾಳೆಯನ್ನೇ. 88–92 ಏಕೆ ಎಂದು ಅಲ್ಲಿ ಕಾಣದಿದ್ದರೆ, 90 ಕಂಡ ಕೂಡಲೇ ಆಕೆ ಆಮ್ಲಜನಕ ಏರಿಸಿಬಿಡಬಹುದು.

ವಿದ್ಯಾರ್ಥಿಗಳೇ, ಅಂಕ ವಿಶ್ವವಿದ್ಯಾಲಯಕ್ಕೆ ಹೋಗುವ ಮುನ್ನವೇ ಪತ್ರ ಕೊಡಿ. ಜೊತೆಗೆ ಮೂಲ ಕೇರ್ ಪ್ಲಾನನ್ನು ಒಂದಕ್ಷರವೂ ತಿದ್ದದೆ ಲಗತ್ತಿಸಿ.