ಬಿಸಿಯೂಟದ ಸೌಟಿಗೂ ಅಳತೆ ಇರಲಿ

‘ಶಾಲೆಯಲ್ಲಿ ದಿನಾ ಊಟ ಮಾಡುತ್ತಾನೆ ಡಾಕ್ಟ್ರೇ, ಆದರೂ ಮೈ ಹತ್ತುವುದಿಲ್ಲ’ ಎನ್ನುವ ತಾಯಂದಿರು ನನ್ನ ಬಳಿ ಆಗಾಗ ಬರುತ್ತಾರೆ. ಮಗುವಿನಲ್ಲಿ ಜಂತುಹುಳು, ರಕ್ತಹೀನತೆ, ಪದೇ ಪದೇ ಬರುವ ಜ್ವರ ಇವೆಯೇ ಎಂದು ನೋಡುವುದು ವೈದ್ಯರ ಮೊದಲ ಕೆಲಸ. ಆದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ: ಊಟದ ಸಾಲಿನಲ್ಲಿ ಮಗು ಎಲ್ಲಿ ಕೂರುತ್ತದೆ? ಒಂದೇ ಪಾತ್ರೆಯಿಂದ ಬಡಿಸಿದ ಮಾತ್ರಕ್ಕೆ ಮೊದಲ ತಟ್ಟೆಗೂ ಕೊನೆಯ ತಟ್ಟೆಗೂ ಒಂದೇ ಊಟ ಬೀಳುತ್ತದೆ ಎನ್ನುವಂತಿಲ್ಲ. ಇದು ಅಡುಗೆಯವರ ಮನಸ್ಸಿನ ದೋಷವಲ್ಲ, ಬಹುಮಟ್ಟಿಗೆ ಸೌಟಿನ ದೋಷ.

ಬೇಯಿಸಿದ ಊಟವನ್ನು ಶಾಲೆಗಳಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. ನಮ್ಮ ರಾಜ್ಯದಲ್ಲಿ ಅದು 2002ರಿಂದ ‘ಅಕ್ಷರ ದಾಸೋಹ’ವಾಗಿ ಬಂತು. 2021ರಲ್ಲಿ ಕೇಂದ್ರದ ಯೋಜನೆಗೆ ‘ಪಿಎಂ ಪೋಷಣ್’ ಎಂಬ ಹೆಸರಾಯಿತು. ಜನ ಕರೆಯುವುದು ಮಾತ್ರ ಬಿಸಿಯೂಟ ಎಂದೇ.

ಒಂದು ತಟ್ಟೆಯಲ್ಲಿ ಏನಿರಬೇಕು?

1ರಿಂದ 5ನೇ ತರಗತಿಯ ಒಂದು ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂದು ಯೋಜನೆಯಲ್ಲಿ ನಿಗದಿಯಾಗಿದೆ. 6ರಿಂದ 8ನೇ ತರಗತಿಯ ಮಗುವಿಗೆ ಇದೆಲ್ಲ ಒಂದೂವರೆ ಪಟ್ಟು. ಚಿಕ್ಕ ಮಗುವಿಗೆ ಈ ಊಟದಿಂದ ಸುಮಾರು 450 ಕ್ಯಾಲೊರಿ ಶಕ್ತಿಯೂ 12 ಗ್ರಾಂ ಪ್ರೋಟೀನೂ ಸಿಗಬೇಕು ಎಂಬುದು ಲೆಕ್ಕ.

ಈ 12 ಗ್ರಾಂ ಪ್ರೋಟೀನು ಎಲ್ಲಿಂದ ಬರುತ್ತದೆ ನೋಡಿ. ಅಕ್ಕಿಯಿಂದ ಸುಮಾರು 7 ಗ್ರಾಂ, 20 ಗ್ರಾಂ ಬೇಳೆಯಿಂದ ಸುಮಾರು ನಾಲ್ಕೂವರೆ ಗ್ರಾಂ, ಉಳಿದದ್ದು ತರಕಾರಿಯಿಂದ. ಅಂದರೆ ಒಂದು ಹಿಡಿಯಷ್ಟೂ ಇಲ್ಲದ ಆ ಬೇಳೆಯಲ್ಲಿ ಊಟದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನು ಅಡಗಿದೆ. ತಟ್ಟೆಗೆ ಅನ್ನ ಬಿದ್ದು ಬೇಳೆ ಬೀಳದೆ ಹೋದರೆ ಮಗುವಿನ ಹೊಟ್ಟೆ ತುಂಬುತ್ತದೆ, ಆದರೆ ಮೈ ಬೆಳೆಯಲು ಬೇಕಾದದ್ದು ಪಾತ್ರೆಯಲ್ಲೇ ಉಳಿಯುತ್ತದೆ.

ದಾಸ್ತಾನಿನಿಂದ ಅಕ್ಕಿ, ಬೇಳೆಯನ್ನು ತಕ್ಕಡಿಯಲ್ಲಿ ತೂಗಿ ತೆಗೆಯುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ಅಳತೆ ಅಲ್ಲಿಗೇ ಮುಗಿಯುತ್ತದೆ. ಒಲೆಯಿಂದ ತಟ್ಟೆಗೆ ಬರುವ ದಾರಿಯಲ್ಲಿ ಎಲ್ಲವೂ ಕೈ ಅಂದಾಜು.

ಐವತ್ತು ಮಿಲಿಲೀಟರಿನ ವ್ಯತ್ಯಾಸ

ಒಂದು ಉದಾಹರಣೆ ನೋಡೋಣ. ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಇಂದು 120 ಮಕ್ಕಳು ಹಾಜರಿದ್ದಾರೆ. ಅಡುಗೆಗೆ 12 ಕಿಲೊ ಅಕ್ಕಿ, 2 ಕಿಲೊ 400 ಗ್ರಾಂ ಬೇಳೆ, 6 ಕಿಲೊ ತರಕಾರಿ ಹೋಗಿದೆ. ಮಗುವಿಗೆ 200 ಮಿ.ಲೀ. ಸಾಂಬಾರ್ ಎಂದು ಇಟ್ಟುಕೊಂಡರೆ 24 ಲೀಟರ್ ಸಾಂಬಾರ್ ಆಗಬೇಕು. ಅಷ್ಟೇ ಮಾಡಿದ್ದಾರೆ. ಆದರೆ ಬಡಿಸುವ ಸೌಟು 250 ಮಿ.ಲೀ. ಹಿಡಿಯುತ್ತದೆ. ಕಣ್ಣಿಗೆ ಈ ವ್ಯತ್ಯಾಸ ಕಾಣುವುದಿಲ್ಲ. 24 ಲೀಟರ್ ಸಾಂಬಾರ್ 96 ತಟ್ಟೆಗಳಿಗೆ ಮುಗಿದುಹೋಗುತ್ತದೆ. ಇನ್ನೂ 24 ಮಕ್ಕಳು ತಟ್ಟೆ ಹಿಡಿದು ಕೂತಿದ್ದಾರೆ.

ಅಡುಗೆಯಮ್ಮ ಅನುಭವಿ. ಮುಕ್ಕಾಲು ಭಾಗ ಬಡಿಸುವಾಗಲೇ ಅವರಿಗೆ ಇದು ಗೊತ್ತಾಗುತ್ತದೆ. ಆಗ ಅವರು ಮಾಡುವುದು ಎರಡರಲ್ಲಿ ಒಂದು. ಸೌಟನ್ನು ಅರ್ಧಕ್ಕೆ ಇಳಿಸುತ್ತಾರೆ, ಇಲ್ಲವೇ ಪಾತ್ರೆಗೆ ಒಂದು ಚೊಂಬು ಬಿಸಿನೀರು ಸುರಿಯುತ್ತಾರೆ. ಎರಡರಲ್ಲೂ ಬೇಳೆ ಕಳೆದುಕೊಳ್ಳುವವರು ಕೊನೆಯಲ್ಲಿ ಕೂತ ಮಕ್ಕಳು. ದಿನವೂ ಒಂದೇ ತರಗತಿ ಕೊನೆಗೆ ಕೂರುವ ಶಾಲೆಯಲ್ಲಿ ವರ್ಷವಿಡೀ ಅದೇ ಮಕ್ಕಳಿಗೆ ತಿಳಿನೀರು.

ಅನ್ನಕ್ಕೂ ಇದೇ ಮಾತು. 12 ಕಿಲೊ ಅಕ್ಕಿ ಬೆಂದಾಗ ಸುಮಾರು 2.8 ಪಟ್ಟು ತೂಗುತ್ತದೆ ಎಂದುಕೊಂಡರೆ 33 ಕಿಲೊ 600 ಗ್ರಾಂ ಅನ್ನವಾಯಿತು. ಮಗುವಿಗೆ 280 ಗ್ರಾಂ. 200 ಮಿ.ಲೀ. ಹಿಡಿಯುವ ಬಟ್ಟಲಿನಲ್ಲಿ ಅನ್ನವನ್ನು ಒತ್ತದೆ ತುಂಬಿ, ಮೇಲೆ ಸಮ ಮಾಡಿದರೆ ಸುಮಾರು 140 ಗ್ರಾಂ ಬರುತ್ತದೆ. ಎರಡು ಬಟ್ಟಲಿಗೆ ಲೆಕ್ಕ ಸರಿಹೋಯಿತು. ಅದೇ ಬಟ್ಟಲನ್ನು ಒತ್ತಿ ತುಂಬಿದರೆ 175 ಗ್ರಾಂ ಆಗಿಬಿಡಬಹುದು. ಆಗ ಅನ್ನವೂ 96 ಮಕ್ಕಳಿಗೇ ಮುಗಿಯುತ್ತದೆ. ಹಿಂದೆ ಪಾವು, ಸೇರುಗಳಲ್ಲಿ ಕಾಳು ಅಳೆಯುವಾಗ ಗೋಪುರ ಕಟ್ಟಿ ಅಳೆದದ್ದೋ ಸಮ ಮಾಡಿ ಅಳೆದದ್ದೋ ಎಂದು ಹಿರಿಯರು ಕೇಳುತ್ತಿದ್ದುದು ಸುಮ್ಮನೆ ಅಲ್ಲ.

ಎರಡು ಸಾಧನ ಸಾಕು

ಶಾಲೆಗೆ ಬೇಕಾದದ್ದು ಎರಡೇ ಸಾಧನ. ಸಾಂಬಾರಿಗೆ 100 ಮಿ.ಲೀ. ಹಿಡಿಯುವ, ಉದ್ದ ಹಿಡಿಯ, ಆಳವಾದ ಸೌಟು. ಅನ್ನಕ್ಕೆ 200 ಮಿ.ಲೀ. ಹಿಡಿಯುವ, ಹಿಡಿ ಇರುವ ನೇರ ಅಂಚಿನ ಸ್ಟೀಲ್ ಬಟ್ಟಲು. ಚಪ್ಪಟೆ ಸಟ್ಟುಗದಿಂದ ಅನ್ನ ಕೆದಕಬಹುದೇ ಹೊರತು ಅಳೆಯಲಾಗದು.

ಚಿಕ್ಕವರಿಗೂ ದೊಡ್ಡವರಿಗೂ ಬೇರೆ ಬೇರೆ ಸೌಟು ಬೇಡವೇ ಎಂದು ಕೇಳಬಹುದು. ಬೇಡ. 100 ಗ್ರಾಂ ಮತ್ತು 150 ಗ್ರಾಂ ಎಂದರೆ ಎರಡಕ್ಕೆ ಮೂರರ ಪ್ರಮಾಣ. ಆದ್ದರಿಂದ 5ನೇ ತರಗತಿಯವರೆಗೆ ಅನ್ನ ಎರಡು ಬಟ್ಟಲು, ಸಾಂಬಾರ್ ಎರಡು ಸೌಟು. 6ರಿಂದ 8ನೇ ತರಗತಿಗೆ ಅನ್ನ ಮೂರು, ಸಾಂಬಾರ್ ಮೂರು. ‘ಚಿಕ್ಕವರಿಗೆ ಎರಡು, ದೊಡ್ಡವರಿಗೆ ಮೂರು’ ಎಂದು ಅಡುಗೆಮನೆಯ ಗೋಡೆಯ ಮೇಲೆ ಬರೆದರೆ ಸಾಕು.

ಅಮೆರಿಕದ ಕ್ಯಾಂಟೀನುಗಳಲ್ಲಿ ಐಸ್‌ಕ್ರೀಮ್ ತೆಗೆಯುವಂಥ ಸ್ಕೂಪುಗಳಿಗೆ ಸಂಖ್ಯೆ ಕೊಟ್ಟಿರುತ್ತಾರೆ. ಅವರ ಒಂದು ಕ್ವಾರ್ಟ್, ಅಂದರೆ ಸುಮಾರು 946 ಮಿ.ಲೀ., ತುಂಬಲು ಎಷ್ಟು ಸ್ಕೂಪು ಬೇಕೋ ಅದೇ ಆ ಸಂಖ್ಯೆ. 8ನೇ ನಂಬರು ಸುಮಾರು 118 ಮಿ.ಲೀ., 16ನೇ ನಂಬರು ಅದರ ಅರ್ಧ. ಸಂಖ್ಯೆ ಹೆಚ್ಚಿದಷ್ಟೂ ಸ್ಕೂಪು ಚಿಕ್ಕದು. ನಮ್ಮ ಪಾತ್ರೆ ಅಂಗಡಿಯ ಸೌಟುಗಳಲ್ಲಿ ಸಾಮಾನ್ಯವಾಗಿ ಅಂಥ ಗುರುತು ಇರುವುದಿಲ್ಲವಾದ್ದರಿಂದ ನಾವೇ ಅಳೆದು ನೋಡಬೇಕು.

ಅಳೆಯುವುದು ಸುಲಭ. ಒಂದು ಲೀಟರಿನ ಅಳತೆಪಾತ್ರೆ ತನ್ನಿ. ಸೌಟಿನಲ್ಲಿ ಅಂಚಿನವರೆಗೆ ನೀರು ತುಂಬಿ ಅದಕ್ಕೆ ಸುರಿಯುತ್ತ ಎಣಿಸಿ. ಹತ್ತು ಸೌಟಿಗೆ ತುಂಬಿದರೆ ಅದು 100 ಮಿ.ಲೀ. ಸೌಟು, ಐದಕ್ಕೆ ತುಂಬಿದರೆ 200, ನಾಲ್ಕಕ್ಕೇ ತುಂಬಿದರೆ 250. ತೂತಿಲ್ಲದ, ಅಂಚು ಬಾಗಿರದ ಸೌಟನ್ನೇ ಆರಿಸಿ, ಅದಕ್ಕೊಂದು ಗುರುತು ಕೊರೆಸಿ, ಬಡಿಸಲು ಅದೊಂದನ್ನೇ ಬಳಸಿ.

ಸೌಟು ಸರಿಯಿದ್ದರೂ ಸಾಂಬಾರ್ ಹೆಚ್ಚು ಕುದಿದು ಇಂಗಿದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಒಂದು ಉಪಾಯವಿದೆ. ಖಾಲಿ ಪಾತ್ರೆಗೆ ಒಂದು ದಿನ ಐದೈದು ಲೀಟರ್ ನೀರು ಅಳೆದು ಹಾಕುತ್ತ, ನೀರು ಬಂದ ಮಟ್ಟವನ್ನು ಒಂದು ಸ್ಟೀಲ್ ಪಟ್ಟಿಯ ಮೇಲೆ ಗೀಟು ಹಾಕಿ ಗುರುತಿಸಿ. ಅಂದಿನ ಹಾಜರಿಗೆ ಎಷ್ಟು ಲೀಟರ್ ಬೇಕೋ ಆ ಮಟ್ಟಕ್ಕೆ ಸಾಂಬಾರ್ ಬಂದಿದೆಯೇ ಎಂದು ಬಡಿಸುವ ಮೊದಲೇ ಪಟ್ಟಿ ಇಳಿಸಿ ನೋಡಬಹುದು. ಕಡಿಮೆಯಿದ್ದರೆ ಆಗಲೇ ನೀರು ಸೇರಿಸಿ ಮತ್ತೊಮ್ಮೆ ಕುದಿಸಿ. ಆಗ ತೆಳುವಾದರೂ ಎಲ್ಲರಿಗೂ ಸಮವಾಗಿ ತೆಳುವಾಗುತ್ತದೆ. ಬಡಿಸುವ ನಡುವೆ ನೀರು ಸೇರಿಸಬಾರದು.

ಬೇಳೆ ತಳದಲ್ಲಿ, ಎಣ್ಣೆ ಮೇಲೆ

ಎಲ್ಲ ಅಳತೆಯೂ ಸರಿಯಿದ್ದು ಸೋಲುವ ಜಾಗ ಇದು. ದೊಡ್ಡ ಪಾತ್ರೆಯಲ್ಲಿ ಸಾಂಬಾರ್ ನಿಂತರೆ ಬೇಳೆಯೂ ತರಕಾರಿಯೂ ತಳಕ್ಕೆ ಇಳಿಯುತ್ತವೆ, ಎಣ್ಣೆ ಒಗ್ಗರಣೆ ಮೇಲೆ ತೇಲುತ್ತದೆ. ಮೇಲಿಂದ ತೆಗೆದ 200 ಮಿ.ಲೀ.ಗೂ ತಳದಿಂದ ತೆಗೆದ 200 ಮಿ.ಲೀ.ಗೂ ಗಾತ್ರ ಒಂದೇ, ಆಹಾರ ಬೇರೆ. ಬೇಳೆಯನ್ನು ನುಣ್ಣಗೆ ಬೇಯಿಸಿ ಮಸೆದರೆ ಅದು ಬೇಗ ಇಳಿಯುವುದಿಲ್ಲ. ಪಾತ್ರೆಯಿಂದ ಬಕೆಟ್ಟಿಗೆ ತೆಗೆಯುವಾಗ ಪ್ರತಿಬಾರಿಯೂ ತಳದಿಂದ ಕದಡಬೇಕು. ಬಕೆಟ್ಟಿನಿಂದ ಬಡಿಸುವಾಗಲೂ ನಾಲ್ಕೈದು ಮಕ್ಕಳಿಗೊಮ್ಮೆ ಸೌಟನ್ನು ತಳ ಮುಟ್ಟಿಸಿ ತಿರುಗಿಸಬೇಕು.

ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಒಂದೇ ಅಳತೆಯ ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಮೊದಲ ಮಗುವಿನ ಪಾಲಿನ ಸಾಂಬಾರನ್ನು ಒಂದರಲ್ಲಿ, ಕೊನೆಯ ಮಗುವಿನದನ್ನು ಇನ್ನೊಂದರಲ್ಲಿ ಹಾಕಿ, ಹತ್ತು ನಿಮಿಷ ಬಿಡಿ. ತಳದಲ್ಲಿ ನಿಂತ ಬೇಳೆಯ ಪದರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎತ್ತರ ಇರಬೇಕು. ಅನ್ನಕ್ಕಾದರೆ ಮೊದಲ, ನಡುವಿನ ಮತ್ತು ಕೊನೆಯ ತಟ್ಟೆಯನ್ನು ತಕ್ಕಡಿಯಲ್ಲಿಟ್ಟು ನೋಡಿ. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬಡಿಸುವ ಕೈಯನ್ನು ತಿದ್ದಬೇಕು. ಶಾಲಾ ಸಮಿತಿಯ ತಂದೆತಾಯಂದಿರು ತಿಂಗಳಿಗೊಮ್ಮೆ ಇದನ್ನು ಮಾಡಬಹುದು.

ಅಡುಗೆ ಬದಲಾದರೆ

ಹಳೆಯ ಅಕ್ಕಿ ಹೊಸ ಅಕ್ಕಿಗಿಂತ ಹೆಚ್ಚು ಅರಳುತ್ತದೆ. ಅಕ್ಕಿಯ ಹೊಸ ದಾಸ್ತಾನು ಬಂದಾಗ ಒಂದು ದಿನ ಬೆಂದ ಅನ್ನವನ್ನು ತೂಗಿ, ಎರಡು ಬಟ್ಟಲಿನ ಲೆಕ್ಕ ಸರಿಬರುತ್ತದೆಯೇ ನೋಡಬೇಕು. ಬಿಸಿಬೇಳೆಬಾತ್‌ನಂಥ ಒಂದೇ ಪಾತ್ರೆಯ ಅಡುಗೆಗೆ ಪಾಲಿನ ಲೆಕ್ಕ ಹಾಕಿ. 70 ಚಿಕ್ಕವರು, 50 ದೊಡ್ಡವರು ಇದ್ದರೆ, ಎಪ್ಪತ್ತಕ್ಕೆ ಎರಡರಂತೆ 140, ಐವತ್ತಕ್ಕೆ ಮೂರರಂತೆ 150, ಒಟ್ಟು 290 ಪಾಲು. ಪಟ್ಟಿ ಇಳಿಸಿದಾಗ ಪಾತ್ರೆಯಲ್ಲಿ 58 ಲೀಟರ್ ಇದ್ದರೆ ಒಂದು ಪಾಲು 200 ಮಿ.ಲೀ. ಅನ್ನದ ಬಟ್ಟಲೇ ಸಾಕು.

ಕೆಲವರಿಗೆ ಒಂದು ಅನುಮಾನ ಬರಬಹುದು: ಎಲ್ಲ ಮಕ್ಕಳ ಹಸಿವೂ ಒಂದೇ ಅಲ್ಲವಲ್ಲ? ನಿಜ. ಅಳತೆಯೆಂದರೆ ಇಷ್ಟಕ್ಕಿಂತ ಹೆಚ್ಚು ಕೊಡಬಾರದು ಎಂದಲ್ಲ, ಇಷ್ಟಕ್ಕಿಂತ ಕಡಿಮೆ ಯಾರಿಗೂ ಬೀಳಬಾರದು ಎಂದು. ಒಂದನೇ ತರಗತಿಯ ಮಗುವಿಗೆ ಒಮ್ಮೆಲೇ ಎರಡು ಬಟ್ಟಲು ಸುರಿದರೆ ಅರ್ಧ ಬಿಡುತ್ತದೆ. ಒಂದು ಬಟ್ಟಲು, ಒಂದು ಸೌಟು ಕೊಟ್ಟು, ಉಂಡ ಮೇಲೆ ಅಷ್ಟೇ ಮತ್ತೊಮ್ಮೆ ಬಡಿಸಿ. ಎರಡನೇ ಸಲ ಬರೀ ಅನ್ನ ಬಡಿಸಿ ಸಾಂಬಾರ್ ಮರೆಯಬಾರದು. ಎಲ್ಲರ ಪಾಲೂ ಮುಗಿದ ಮೇಲೆ ಉಳಿದದ್ದನ್ನು ಕೇಳಿದವರಿಗೆ ಧಾರಾಳವಾಗಿ ಹಾಕಬಹುದು.

ಮಗು ಸೊರಗಿದೆ ಎಂದು ವೈದ್ಯರ ಬಳಿ ಹೋಗುವ ತಂದೆತಾಯಂದಿರು ಅದಕ್ಕೆ ಮೊದಲು ಒಂದು ಮಧ್ಯಾಹ್ನ ಶಾಲೆಗೆ ಹೋಗಿ, ಕೊನೆಯ ಸಾಲಿನ ತಟ್ಟೆಯಲ್ಲಿ ಬೇಳೆ ಎಷ್ಟಿದೆ ಎಂದು ನೋಡಿ ಬನ್ನಿ. ವೈದ್ಯರಿಗೆ ಆ ವಿವರ ಹೇಳಿ. ಟಾನಿಕ್ ಬರೆಯಬೇಕೇ ಬೇಡವೇ ಎಂದು ತೀರ್ಮಾನಿಸಲು ಅದರಿಂದ ಸಹಾಯವಾಗುತ್ತದೆ.