ಸವೆದ ಟೈರಿಗೆ ಎರಡನೇ ಆಯುಸ್ಸು

ಲಾರಿಯ ಟೈರಿನಲ್ಲಿ ರಸ್ತೆಗೆ ಉಜ್ಜಿ ಸವೆಯುವುದು ಮೇಲಿನ ಟ್ರೆಡ್ ಮಾತ್ರ. ಉಕ್ಕಿನ ತಂತಿ, ಪಕ್ಕದ ಗೋಡೆ, ರಿಮ್ಮಿಗೆ ಕೂರುವ ಬೀಡ್ ಎಲ್ಲ ಸೇರಿದ ಕೇಸಿಂಗ್ ಗಟ್ಟಿಯಾಗಿಯೇ ಉಳಿದಿರುತ್ತದೆ. ನಮ್ಮ ಲಾರಿಯವರು ‘ರೀಸೋಲ್’ ಎನ್ನುವ ಕಸುಬು ನಿಂತಿರುವುದು ಈ ಕೇಸಿಂಗ್ ಮೇಲೆ.

ಹಳೆಯ ಕ್ರಮದಲ್ಲಿ ಸವೆದ ಟೈರಿಗೆ ಹಸಿ ರಬ್ಬರ್ ಸುತ್ತಿ, ಅಚ್ಚಿನೊಳಗಿಟ್ಟು ಸುಮಾರು 150 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಬೇಯಿಸುತ್ತಿದ್ದರು. ಆ ಕಾವು ಹಳೆಯ ಕೇಸಿಂಗಿಗೂ ತಟ್ಟುತ್ತಿತ್ತು. ಜರ್ಮನಿಯ ಡಾರ್ಮ್‌ಸ್ಟಾಟ್‌ನ ಬರ್ನಾರ್ಡ್ ನೋವಾಕ್ ಕೆಲಸವನ್ನು ಎರಡಾಗಿ ಒಡೆದರು: ಟ್ರೆಡ್ಡನ್ನು ಮೊದಲೇ ಬೇರೆಯಾಗಿ ಬೇಯಿಸಿಟ್ಟು, ಆಮೇಲೆ ಕಡಿಮೆ ಕಾವಿನಲ್ಲಿ ಕೇಸಿಂಗಿಗೆ ಬೆಸೆಯುವುದು. 1957ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಉದ್ಯಮಿ ರಾಯ್ ಕಾರ್ವರ್ ಇದರ ಹಕ್ಕು ಪಡೆದು ಬ್ಯಾಂಡಾಗ್ ಕಂಪನಿ ಕಟ್ಟಿದರು. ಇಂದು ‘ಕೋಲ್ಡ್ ರೀಟ್ರೆಡಿಂಗ್’ ಎನ್ನುವುದು ಇದನ್ನೇ.

ಕೋಲ್ಡ್ ಎಂದರೂ ಕಾವು ಬೇಕೇ ಬೇಕು. ಬಂದ ಟೈರನ್ನು ಮೊದಲು ಅಗಲಿಸಿ, ದೀಪ ಹಿಡಿದು ಒಳಗೂ ಹೊರಗೂ ನೋಡುತ್ತಾರೆ. ಮೊಳೆ ಚುಚ್ಚಿದ ತೂತಿನಿಂದ ನೀರು ಇಳಿದು ತಂತಿ ತುಕ್ಕು ಹಿಡಿದಿದ್ದರೆ, ಗಾಳಿ ಕಡಿಮೆಯಿದ್ದಾಗ ಓಡಿ ಪಕ್ಕದ ಗೋಡೆ ಸುಕ್ಕಾಗಿದ್ದರೆ ಆ ಟೈರು ವಾಪಸ್. ಪಾಸಾದದ್ದು ಬಫಿಂಗ್ ಯಂತ್ರಕ್ಕೆ ಹೋಗುತ್ತದೆ. ಅಲ್ಲಿ ಉಳಿದ ಟ್ರೆಡ್ಡನ್ನು ಕೆರೆದು, ಮೈಯನ್ನು ಹದವಾಗಿ ತರಿತರಿ ಮಾಡುತ್ತಾರೆ. ಗಾಯಗಳನ್ನು ಕೊರೆದು ತುಂಬಿ, ಕುಶನ್ ಗಮ್ ಎಂಬ ತೆಳು ಹಸಿ ರಬ್ಬರ್ ಹಾಸಿ, ಅದರ ಮೇಲೆ ಟ್ರೆಡ್ ಪಟ್ಟಿ ಸುತ್ತುತ್ತಾರೆ. ರಬ್ಬರಿನ ಹೊದಿಕೆ ತೊಡಿಸಿ, ಒತ್ತಡದ ಚೇಂಬರಿನಲ್ಲಿ 100 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟರೆ ಕುಶನ್ ಬೆಂದು ಎರಡನ್ನೂ ಒಂದಾಗಿಸುತ್ತದೆ. ಕೆರೆದ ಮೈಮೇಲೆ ಧೂಳು, ಎಣ್ಣೆ, ಪಸೆ ಉಳಿದರೆ ಬೆಸುಗೆ ಅಲ್ಲೇ ಸೋಲುತ್ತದೆ. ಅಂಚು ಎದ್ದಿದ್ದರೆ, ಮೈಯಲ್ಲಿ ಉಬ್ಬು ಕಂಡರೆ ಆ ಟೈರನ್ನು ಕೂಡಲೇ ಇಳಿಸಬೇಕು.

ಹೆದ್ದಾರಿಯಲ್ಲಿ ಬಿದ್ದ ರಬ್ಬರ್ ಚೂರು ಕಂಡರೆ ಜನ ರೀಸೋಲನ್ನೇ ದೂರುತ್ತಾರೆ. ಆದರೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಜ್ಞರು ಇಂಥ ಚೂರುಗಳನ್ನು ಕೂಡಿಸಿ ಪರೀಕ್ಷಿಸಿದಾಗ ಅವುಗಳಲ್ಲಿ ಹೊಸ ಟೈರಿನವೂ ಧಾರಾಳವಾಗಿದ್ದವು.

ಲಾರಿ, ಬಸ್ಸುಗಳ ಮಾಲೀಕರಿಗೆ ಇದು ಒಗ್ಗುವುದು ಲೆಕ್ಕದಿಂದ. ಹೊಸ ಟೈರಿಗೆ 24,000, ರೀಸೋಲಿಗೆ 8,000 ರೂಪಾಯಿ ಎಂದುಕೊಳ್ಳಿ. ಹೊಸದು 80,000 ಕಿಲೋಮೀಟರ್, ರೀಸೋಲ್ 60,000 ಓಡಿದರೆ ಕಿಲೋಮೀಟರಿಗೆ ಬೀಳುವ ಖರ್ಚು 30 ಪೈಸೆಯಿಂದ ಸುಮಾರು 13 ಪೈಸೆಗೆ ಇಳಿಯುತ್ತದೆ. ಇದಕ್ಕೆ ಟೈರು ಪೂರ್ತಿ ಬೋಳಾಗುವ ಮುನ್ನ, ಮೂರ್ನಾಲ್ಕು ಮಿಲಿಮೀಟರ್ ಟ್ರೆಡ್ ಇರುವಾಗಲೇ ಬಿಚ್ಚಿಸಬೇಕು. ಡಿಪೋದಲ್ಲಿ ಪ್ರತಿ ಟೈರಿಗೂ ನಂಬರ್ ಇರುತ್ತದೆ. ಅದು ಎಷ್ಟು ಓಡಿತು, ಎಲ್ಲಿ ಪಂಕ್ಚರ್ ಆಯಿತು ಎಂಬುದು ಪುಸ್ತಕದಲ್ಲಿರುತ್ತದೆ. ಅಷ್ಟಿದ್ದರೂ ರೀಸೋಲ್ ಹಿಂದಿನ ಚಕ್ರಗಳಿಗೇ ವಾಸಿ. ಅಮೆರಿಕದಲ್ಲಂತೂ ಬಸ್ಸಿನ ಮುಂದಿನ ಚಕ್ರಕ್ಕೆ ಅದನ್ನು ಹಾಕುವಂತಿಲ್ಲ.

ಸ್ವಂತ ಕಾರಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಕಾರಿನ ಕೇಸಿಂಗ್ ತೆಳು, ಹೊಸ ಟೈರೂ ಲಾರಿಯದರಷ್ಟು ದುಬಾರಿಯಲ್ಲ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡುವ ಕಾರಿನ ಟ್ರೆಡ್ ಸವೆಯುವಷ್ಟರಲ್ಲಿ ರಬ್ಬರಿಗೇ ವಯಸ್ಸಾಗಿರುತ್ತದೆ. ಅಂಗಡಿಯಲ್ಲಿ ಸಿಗುವ ರೀಸೋಲ್ ಟೈರು ಹಿಂದೆ ಯಾರ ಕಾರಿನಲ್ಲಿ, ಎಷ್ಟು ಗಾಳಿಯಲ್ಲಿ ಓಡಿತ್ತು ಎಂದು ಹೇಳುವ ಪುಸ್ತಕವೂ ಇಲ್ಲ. ಕುಟುಂಬವನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೋಗುವವರು ಹೊಸ ಟೈರನ್ನೇ ಕೊಳ್ಳುವುದು ಸರಿ.