ಸ್ಲ್ಯಾಬ್ ದಾಟಿದ್ರೆ ಸಂಬಳ ಕಮ್ಮಿ ಆಗುತ್ತಾ?

ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಒಂದು ರಾತ್ರಿ ಮೆಸ್‌ನಲ್ಲಿ ಊಟ ಮಾಡ್ತಿದ್ವಿ. ಎರಡು ಆಫರ್ ಕೈಯಲ್ಲಿದ್ದ ಸೀನಿಯರ್ ಅಣ್ಣ ಒಬ್ಬರು ಹೇಳಿದ್ರು: "ಒಂದರಲ್ಲಿ ಟ್ಯಾಕ್ಸ್ ಬೀಳೋ ಆದಾಯ 16 ಲಕ್ಷ, ಇನ್ನೊಂದರಲ್ಲಿ 17 ಲಕ್ಷ. ಆದ್ರೆ 16 ದಾಟಿದ್ರೆ 20% ಸ್ಲ್ಯಾಬ್ ಕಣ್ರೋ. ಕೈಗೆ ಬರೋದು ಎರಡರಲ್ಲೂ ಒಂದೇ."

ಅವರ ಲೆಕ್ಕ ಹೀಗಿತ್ತು. 16 ಲಕ್ಷಕ್ಕೆ 15% ಅಂದ್ರೆ 2.4 ಲಕ್ಷ ಟ್ಯಾಕ್ಸ್, ಉಳಿಯೋದು 13.6 ಲಕ್ಷ. 17 ಲಕ್ಷಕ್ಕೆ 20% ಅಂದ್ರೆ 3.4 ಲಕ್ಷ ಟ್ಯಾಕ್ಸ್, ಉಳಿಯೋದು ಅದೇ 13.6 ಲಕ್ಷ. ನಾವೂ ತಲೆ ಆಡಿಸಿದ್ವಿ. ರೂಮಿಗೆ ಬಂದು ಪೇಪರ್ ಮೇಲೆ ಬರೆದಾಗಲೇ ಗೊತ್ತಾಗಿದ್ದು, ಎರಡೂ ಲೆಕ್ಕ ತಪ್ಪು.

ತಪ್ಪಾಗಿದ್ದು ಇಲ್ಲಿ: ಸ್ಲ್ಯಾಬ್‌ನ ರೇಟ್ ಪೂರ್ತಿ ಆದಾಯಕ್ಕೆ ಅನ್ವಯಿಸಲ್ಲ. ಆ ಸ್ಲ್ಯಾಬ್‌ನೊಳಗೆ ಬೀಳುವ ಹಣಕ್ಕೆ ಮಾತ್ರ ಅನ್ವಯಿಸುತ್ತೆ. ಮೆಟ್ಟಿಲ ಮೇಲೆ ಸಾಲಾಗಿ ಬಕೆಟ್ ಇಟ್ಟಿದ್ದೀವಿ ಅಂದುಕೊಳ್ಳಿ. ಮೊದಲನೇದು ತುಂಬಿದ ಮೇಲೆ ನೀರು ಎರಡನೇದಕ್ಕೆ ಹೋಗುತ್ತೆ. ಒಂದು ಸಲ ತುಂಬಿದ ಬಕೆಟ್‌ನ ರೇಟ್ ಆಮೇಲೆ ಬದಲಾಗಲ್ಲ.

2025-26ನೇ ಹಣಕಾಸು ವರ್ಷದ ಹೊಸ ಟ್ಯಾಕ್ಸ್ ಪದ್ಧತಿಯಲ್ಲಿ 16 ಲಕ್ಷವನ್ನ ತುಂಬಿಸಿ ನೋಡೋಣ:

- ಮೊದಲ 4 ಲಕ್ಷಕ್ಕೆ ಟ್ಯಾಕ್ಸ್ ಇಲ್ಲ: 0
- 4ರಿಂದ 8 ಲಕ್ಷದವರೆಗೆ 5%: 20,000
- 8ರಿಂದ 12 ಲಕ್ಷದವರೆಗೆ 10%: 40,000
- 12ರಿಂದ 16 ಲಕ್ಷದವರೆಗೆ 15%: 60,000

ಒಟ್ಟು 1,20,000 ರೂಪಾಯಿ. ಇದನ್ನ 16 ಲಕ್ಷದಿಂದ ಭಾಗಿಸಿದ್ರೆ 7.5%. ಇದೇ ಆವರೇಜ್ ರೇಟ್, ಅಂದ್ರೆ ಒಟ್ಟು ಆದಾಯದಲ್ಲಿ ಟ್ಯಾಕ್ಸ್‌ನ ಪಾಲು.

ಈಗ ಎರಡನೇ ಆಫರ್. 16 ಲಕ್ಷದವರೆಗಿನ ಟ್ಯಾಕ್ಸ್ ಅದೇ 1,20,000. ಮೇಲಿನ ಒಂದು ಲಕ್ಷಕ್ಕೆ ಮಾತ್ರ 20%, ಅಂದ್ರೆ 20,000. ಒಟ್ಟು 1,40,000. ಮುಂದಿನ ಒಂದು ರೂಪಾಯಿ ದುಡಿದರೆ ಅದರಲ್ಲಿ ಎಷ್ಟು ಟ್ಯಾಕ್ಸ್‌ಗೆ ಹೋಗುತ್ತೆ ಅನ್ನೋದೇ ಮಾರ್ಜಿನಲ್ ರೇಟ್. ಇಲ್ಲಿ ಅದು 20%. ಆವರೇಜ್ ರೇಟ್ ಮಾತ್ರ 7.5ರಿಂದ ಸುಮಾರು 8.2%ಗೆ ಏರಿತು, ಅಷ್ಟೇ.

ಕೈಗೆ ಉಳಿಯೋದು ಮೊದಲನೇದರಲ್ಲಿ 14.8 ಲಕ್ಷ, ಎರಡನೇದರಲ್ಲಿ 15.6 ಲಕ್ಷ. ಅಣ್ಣ "ಒಂದೇ" ಅಂದಿದ್ದ ಜಾಗದಲ್ಲಿ ವರ್ಷಕ್ಕೆ 80,000 ರೂಪಾಯಿ ವ್ಯತ್ಯಾಸ! (ಟ್ಯಾಕ್ಸ್ ಮೇಲೆ 4% ಸೆಸ್ ಬೇರೆ ಇದೆ. ಲೆಕ್ಕ ಸುಲಭ ಆಗ್ಲಿ ಅಂತ ಬಿಟ್ಟಿದ್ದೀವಿ.)

ಇದು ನಮಗೆ ಹೊಸದೇನಲ್ಲ. ಈ ಸೆಮ್‌ನ ಎಸ್‌ಜಿಪಿಎ ಮಾರ್ಜಿನಲ್ ಇದ್ದ ಹಾಗೆ, ಸಿಜಿಪಿಎ ಆವರೇಜ್ ಇದ್ದ ಹಾಗೆ. ಸಿಜಿಪಿಎ 7.5 ಇರುವವರಿಗೆ ಒಂದು ಸೆಮ್‌ನಲ್ಲಿ 9 ಬಂದ್ರೆ ಸಿಜಿಪಿಎ ಮೇಲೇರುತ್ತೆ, ಆದ್ರೆ 9ಕ್ಕೆ ಹಾರಲ್ಲ. ಗ್ರಾಫ್‌ನಲ್ಲಿ ಹೇಳೋದಾದ್ರೆ, x ಮೇಲೆ ಆದಾಯ, y ಮೇಲೆ ಟ್ಯಾಕ್ಸ್ ಹಾಕಿ. ಒಂದು ಬಿಂದುವಿನಲ್ಲಿ ಗೆರೆಯ ಸ್ಲೋಪ್ ಮಾರ್ಜಿನಲ್ ರೇಟ್. ಸೊನ್ನೆಯಿಂದ ಆ ಬಿಂದುವಿಗೆ ನೇರ ಗೆರೆ ಎಳೆದರೆ ಅದರ ಸ್ಲೋಪ್ ಆವರೇಜ್ ರೇಟ್.

ಹಾಗಾದ್ರೆ "ದಾಟಬೇಡ" ಅನ್ನೋ ಮಾತು ಪೂರ್ತಿ ಸುಳ್ಳಾ? ಒಂದು ಕಡೆ ಅದರಲ್ಲಿ ನಿಜ ಇದೆ. ಟ್ಯಾಕ್ಸ್ ಬೀಳೋ ಆದಾಯ 12 ಲಕ್ಷದವರೆಗೆ ಇದ್ರೆ, ಬರಬೇಕಿದ್ದ 60,000 ರಿಬೇಟ್‌ನಲ್ಲಿ ಪೂರ್ತಿ ಮನ್ನಾ ಆಗುತ್ತೆ. ಆದಾಯ 12,10,000 ಆದ ಕೂಡಲೇ ರಿಬೇಟ್ ಹೋಗುತ್ತೆ, ಸ್ಲ್ಯಾಬ್ ಪ್ರಕಾರ ಟ್ಯಾಕ್ಸ್ 61,500. ಹತ್ತು ಸಾವಿರ ಜಾಸ್ತಿ ದುಡಿದು 61,500 ಕಟ್ಟೋದು ಅನ್ಯಾಯ ಅಂತ ಕಾನೂನಿನಲ್ಲೇ ಮಾರ್ಜಿನಲ್ ರಿಲೀಫ್ ಇಟ್ಟಿದ್ದಾರೆ. ಅದರಿಂದ, 12 ಲಕ್ಷದ ಮೇಲೆ ಎಷ್ಟು ದುಡಿದಿರೋ ಅಷ್ಟೇ ಟ್ಯಾಕ್ಸ್, ಇಲ್ಲಿ 10,000. ಅಂದ್ರೆ ಈ ಜಾಗದಲ್ಲಿ ಮಾರ್ಜಿನಲ್ ರೇಟ್ 100%! ಜಾಸ್ತಿ ಬಂದಿದ್ದೆಲ್ಲ ಸರ್ಕಾರಕ್ಕೇ. ಆದರೂ ಆವರೇಜ್ ರೇಟ್ 1%ಗಿಂತ ಕಮ್ಮಿ. ಸುಮಾರು 12.7 ಲಕ್ಷ ದಾಟಿದ ಮೇಲೆ ಎಲ್ಲ ಮತ್ತೆ ಮಾಮೂಲಿ 15%ಗೆ ಬರುತ್ತೆ.

ಇನ್ನೊಂದು ಎಚ್ಚರಿಕೆ: ಆಫರ್ ಲೆಟರ್‌ನ ಸಿಟಿಸಿ ಅನ್ನೇ ಈ ಲೆಕ್ಕಕ್ಕೆ ಹಾಕಬೇಡಿ. ಅದರಲ್ಲಿ ಕಂಪನಿ ಕಟ್ಟೋ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿರುತ್ತೆ. ಸಂಬಳದಿಂದ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಕಳೀಬೇಕು.

ಮಾರನೇ ದಿನ ಪೇಪರ್ ತಗೊಂಡು ಹೋಗಿ ತೋರಿಸಿದ್ವಿ. ಅಣ್ಣ ಎರಡು ಸಲ ಕೂಡಿಸಿ ನೋಡಿದ್ರು. "ಹೆಚ್ಚಿನ ಸಂಬಳ ತಗೊಳ್ಳೋದಾ ಅನ್ನೋಕೆ ಮಾರ್ಜಿನಲ್ ನೋಡ್ಬೇಕು, ಒಟ್ಟು ಎಷ್ಟು ಹೋಯ್ತು ಅನ್ನೋಕೆ ಆವರೇಜ್, ಅಲ್ವಾ?" ಅಂದ್ರು. ಹೌದು, ಅಷ್ಟೇ.